ದಿನದ ಶಿಲ್ಕು, ಮೂರು ತಿಂಗಳ ಬಡ್ಡಿ

ಬಡ್ಡಿ ನಿಷಿದ್ಧವೆಂದು ಮಕ್ಕಳಿಗೆ ಪಾಠ ಹೇಳುವ ನಾವು, ನಮ್ಮದೇ ಖಾತೆಗೆ ಬಂದು ಸೇರುವ ಬಡ್ಡಿ ಎಷ್ಟೆಂಬುದನ್ನು ಹಲವು ವರ್ಷ ಸರಿಯಾಗಿ ಅರಿತಿರಲಿಲ್ಲ. ಉಳಿತಾಯ ಖಾತೆಯ ಬಡ್ಡಿಯನ್ನು ಬೇರ್ಪಡಿಸಿ, ಪುಣ್ಯದ ಆಸೆಯಿಲ್ಲದೆ ಬಡವರಿಗೆ ತಲುಪಿಸುವುದು ನಮ್ಮಲ್ಲಿ ಅನೇಕರ ವಾಡಿಕೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ಆದರೆ ಪಾಸ್‌ಬುಕ್ ಮುದ್ರಿಸುವ ಗೋಜಿಗೆ ಹೋಗದೆ, ಮೂರು ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಉಳಿದ ಹಣಕ್ಕೆ ಮನಸ್ಸಿನಲ್ಲೇ ಬಡ್ಡಿ ಕಟ್ಟಿ, ಅಷ್ಟನ್ನು ತೆಗೆದಿಡುತ್ತಿದ್ದೆವು.

ಒಂದು ರಮಝಾನಿನಲ್ಲಿ ಝಕಾತಿನ ಲೆಕ್ಕಕ್ಕಾಗಿ ಪಾಸ್‌ಬುಕ್ ಮುದ್ರಿಸಿ ತಂದಾಗ ತಪ್ಪು ಕಣ್ಣಿಗೆ ಬಿತ್ತು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಬಡ್ಡಿಯೆಂದು ನಾವು ತೆಗೆದಿಟ್ಟದ್ದು 113 ರೂಪಾಯಿ. ಬ್ಯಾಂಕು ಜಮಾ ಮಾಡಿದ್ದು 218. ಉಳಿದ 105 ರೂಪಾಯಿ ನಮ್ಮ ಮನೆಯ ಅಕ್ಕಿಬೇಳೆಯಲ್ಲಿ ಕರಗಿಹೋಗಿತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕೇಳಿದೆವು. "ಉಸ್ತಾದ್, ಕೊನೆಯ ದಿನದ ಶಿಲ್ಕನ್ನಷ್ಟೇ ನೋಡಿದರೆ ಆಗದು. ಪ್ರತಿದಿನದ ಶಿಲ್ಕನ್ನೂ ಕೂಡಿಸಬೇಕು" ಎಂದರು ಅವರು. ಬಳಿಕ ಕಾಗದದ ಮೇಲೆ ಲೆಕ್ಕವನ್ನು ಬಿಡಿಸಿಟ್ಟರು.

ಜುಲೈ 1ರಂದು ನಮ್ಮ ಖಾತೆಯಲ್ಲಿದ್ದುದು 20,000 ರೂಪಾಯಿ. ಜುಲೈ 10ರಂದು ಕೈಸಾಲ ಕೊಟ್ಟಿದ್ದ 30,000 ರೂಪಾಯಿ ಮರಳಿ ಬಂದು, ಶಿಲ್ಕು 50,000 ಆಯಿತು. ಆಗಸ್ಟ್ 14ರಂದು ಮಗಳ ಕಾಲೇಜು ಶುಲ್ಕಕ್ಕಾಗಿ 35,000 ತೆಗೆದೆವು, 15,000 ಉಳಿಯಿತು. ಹೀಗೆ ಮೊದಲ 9 ದಿನ 20,000, ಮುಂದಿನ 35 ದಿನ 50,000, ಕೊನೆಯ 48 ದಿನ 15,000. ಒಟ್ಟು 92 ದಿನ. ಒಂದೊಂದು ಮೊತ್ತವನ್ನೂ ಅದು ನಿಂತ ದಿನಗಳಿಂದ ಗುಣಿಸಿ ಕೂಡಿಸಿದರೆ 26,50,000 ಬರುತ್ತದೆ. ನಮ್ಮ ಬ್ಯಾಂಕಿನ ದರ ಆಗ ವರ್ಷಕ್ಕೆ ಶೇಕಡಾ 3. ಆ ಮೊತ್ತವನ್ನು 3ರಿಂದ ಗುಣಿಸಿ 36,500ರಿಂದ ಭಾಗಿಸಿದರೆ 217 ರೂಪಾಯಿ 81 ಪೈಸೆ. ಅದನ್ನೇ ಪೂರ್ಣಾಂಕಕ್ಕೆ ತಂದು ಬ್ಯಾಂಕು 218 ಎಂದು ಬರೆದಿತ್ತು. ನಾವೋ, ಕೊನೆಗುಳಿದ 15,000ವೇ ಮೂರು ತಿಂಗಳೂ ಇತ್ತೆಂಬಂತೆ ಲೆಕ್ಕ ಹಾಕಿದ್ದೆವು. ಐವತ್ತು ಸಾವಿರ ನಿಂತಿದ್ದ 35 ದಿನಗಳನ್ನು ಮರೆತೇಬಿಟ್ಟಿದ್ದೆವು.

ಇಲ್ಲಿ ಎಣಿಕೆಗೆ ಬರುವುದು ದಿನದ ಕೊನೆಯಲ್ಲಿ ಉಳಿದ ಶಿಲ್ಕು. ಬೆಳಿಗ್ಗೆ ಬಂದು ಸಂಜೆಯೊಳಗೆ ಹೊರಟುಹೋದ ಹಣಕ್ಕೆ ಬಡ್ಡಿ ಹುಟ್ಟುವುದಿಲ್ಲ.

ಈ ಪದ್ಧತಿ ರಿಸರ್ವ್ ಬ್ಯಾಂಕಿನ ಆದೇಶದಂತೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದುದು. ಅದಕ್ಕೆ ಮೊದಲು ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತಿತ್ತು. ಹತ್ತನೇ ತಾರೀಖಿನೊಳಗೆ ಹಣ ಕಟ್ಟಬೇಕೆಂದು ಹಿರಿಯರು ಅವಸರಪಡುತ್ತಿದ್ದುದು ಅದಕ್ಕಾಗಿಯೇ. ನಮ್ಮ ಇದೇ ಖಾತೆಗೆ ಆ ಹಳೆಯ ಲೆಕ್ಕ ಹಾಕಿದರೆ ಜುಲೈಗೆ 50,000, ಉಳಿದೆರಡು ತಿಂಗಳಿಗೆ 15,000ದಂತೆ ಹಿಡಿದು, 200 ರೂಪಾಯಿ ಆಗುತ್ತಿತ್ತು.

ಬಡ್ಡಿ ದಿನದಿನವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಮಾತ್ರ ಖಾತೆಗೆ ಇಳಿಯುತ್ತದೆ. ಕೆಲವು ಬ್ಯಾಂಕುಗಳು ತಿಂಗಳಿಗೊಮ್ಮೆಯೂ ಜಮಾ ಮಾಡುವುದುಂಟು. ಜಮಾ ಆಗುವವರೆಗೆ ಅದು ಶಿಲ್ಕಿನಲ್ಲಿ ಕಾಣದು. ಜಮಾ ಆದ ಮೇಲೆ ಅಸಲಿನೊಡನೆ ಬೆರೆತು, ತಾನೂ ಬಡ್ಡಿ ತರತೊಡಗುತ್ತದೆ. ಆ 218 ರೂಪಾಯಿಯನ್ನು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 92 ದಿನ ಹಾಗೆಯೇ ಬಿಟ್ಟರೆ ಅದರ ಮೇಲೆ ಇನ್ನೂ 1 ರೂಪಾಯಿ 65 ಪೈಸೆ ಹುಟ್ಟುತ್ತದೆ. ಬಡ್ಡಿಯ ಮೇಲಿನ ಬಡ್ಡಿ ಎನ್ನುವುದು ಇದನ್ನೇ. ಖಾತೆಯನ್ನು ನಡುವೆಯೇ ಮುಚ್ಚಿದರೆ, ಆ ದಿನದವರೆಗಿನ ಬಡ್ಡಿಯನ್ನು ಸೇರಿಸಿ ಕೊಡುತ್ತಾರೆ. ಅದನ್ನು ಅಸಲೆಂದು ತಿಳಿಯುವ ತಪ್ಪು ಸುಲಭವಾಗಿ ಆಗಿಬಿಡುತ್ತದೆ.

ಈಗ ನಾವು ಊಹೆಯ ಲೆಕ್ಕವನ್ನು ಬಿಟ್ಟಿದ್ದೇವೆ. ಪ್ರತಿ ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಮುದ್ರಿಸಿ, Int.Pd ಎಂದು ನಮೂದಾದ ಸಾಲನ್ನು ಹುಡುಕುತ್ತೇವೆ. ಬೇರೆ ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಬೇರೆ ಅಕ್ಷರಗಳಿರಬಹುದು. ಅಲ್ಲಿರುವ ಮೊತ್ತವನ್ನೇ ಮರುದಿನ ಹೊರತೆಗೆಯುತ್ತೇವೆ. ಹಳೆಯ ವರ್ಷಗಳ ಅಂಥ ಸಾಲುಗಳನ್ನೆಲ್ಲ ಕೂಡಿಸಿ, ನಾವು ಕೊಟ್ಟಿದ್ದನ್ನು ಕಳೆದು, ಬಾಕಿಯನ್ನೂ ತೀರಿಸಿದೆವು. ಝಕಾತಿಗೆ ಕುಳಿತಾಗ ಪಾಸ್‌ಬುಕ್ಕಿನ ಶಿಲ್ಕಿನಲ್ಲಿ ಯಾವುದು ನಮ್ಮದು, ಯಾವುದು ನಮ್ಮದಲ್ಲ ಎಂದು ಈಗ ಬೆರಳಿಟ್ಟು ತೋರಿಸಬಲ್ಲೆವು.