ನಾಲ್ಕು ತಕ್ಕಡಿಗಳಲ್ಲಿ ತೂಗುವ ಮಾತು

ಹೊರದೇಶಕ್ಕೆ ಉದ್ಯೋಗಕ್ಕಾಗಿಯೋ ಉನ್ನತ ವ್ಯಾಸಂಗಕ್ಕಾಗಿಯೋ ಹೊರಟು ನಿಂತ ಮಕ್ಕಳು ಈಗ ನಮ್ಮ ಸಮಾಜದ ಅನೇಕ ಮನೆಗಳಲ್ಲಿದ್ದಾರೆ. ಅವರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಹೆಸರು ಐ.ಇ.ಎಲ್.ಟಿ.ಎಸ್. ಇದು 1989ರಿಂದ ನಡೆದುಬಂದಿರುವ ಇಂಗ್ಲಿಷ್ ಭಾಷಾ ಪರೀಕ್ಷೆ. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳು ಇದಕ್ಕೆ. ಇವುಗಳಲ್ಲಿ ಮನೆಯ ಹಿರಿಯರಿಗೆ ಹೆಚ್ಚು ಗೂಢವಾಗಿ ತೋರುವುದು ಮಾತಿನ ಪರೀಕ್ಷೆ. ಬರೆದದ್ದನ್ನು ತಿದ್ದಬಹುದು, ಆಡಿ ಮುಗಿಸಿದ ಮಾತಿಗೆ ಅಂಕ ಕೊಡುವುದು ಹೇಗೆ ಎಂದು ಅವರು ಕೇಳುತ್ತಾರೆ. ಧಾರವಾಡದಲ್ಲಿ ಬಹುಕಾಲ ಇಂಗ್ಲಿಷ್ ಅಧ್ಯಾಪಕನಾಗಿದ್ದ ನನಗೂ ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸುವ ಪ್ರಸಂಗ ಒದಗಿದ್ದು ನಿವೃತ್ತಿಯಾದ ಮೇಲೆಯೇ.

ನನ್ನ ತಂಗಿಯ ಮಗಳು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಇಂಗ್ಲೆಂಡಿನಲ್ಲಿ ದಾದಿಯಾಗಿ ನೋಂದಣಿ ಪಡೆಯಲು ಈ ಪರೀಕ್ಷೆಯ ಮಾತಿನ ಭಾಗದಲ್ಲಿ 7 ಬ್ಯಾಂಡ್ ಬೇಕು. ಅವಳಿಗೆ ಬಂದದ್ದು 6.5. ಉಳಿದ ಮೂರು ಭಾಗಗಳಲ್ಲಿ ಅವಳು ತೇರ್ಗಡೆಯಾಗಿದ್ದಳು. ಕೇವಲ ಅರ್ಧ ಅಂಕದಿಂದ ಕೆಲಸದ ಅವಕಾಶ ನಿಂತುಹೋಗಿತ್ತು, ಕಟ್ಟಿದ ಶುಲ್ಕವೂ ಕೈಬಿಟ್ಟಿತ್ತು. "ಮಾವ, ನಾನು ಎಲ್ಲಿ ಎಡವಿದೆ ಅನ್ನೋದು ಈ ಕಾಗದದಾಗ ಬರದೇ ಇಲ್ಲಲ್ಲ" ಎಂದು ಅವಳು ಫಲಿತಾಂಶದ ಹಾಳೆಯನ್ನು ನನ್ನ ಮುಂದಿಟ್ಟಳು. ಅವಳ ಮಾತು ನಿಜವಾಗಿತ್ತು. ಆ ಹಾಳೆಯಲ್ಲಿ ಮಾತಿನ ಭಾಗಕ್ಕೆ ಒಂದೇ ಅಂಕೆ ಇರುತ್ತದೆ. ಆದರೆ ಆ ಒಂದು ಅಂಕೆಯ ಹಿಂದೆ ನಾಲ್ಕು ಅಂಕೆಗಳು ಅಡಗಿವೆ.

ಪರೀಕ್ಷೆ ನಡೆಯುವುದು 11ರಿಂದ 14 ನಿಮಿಷ. ಪರೀಕ್ಷಕರು ಮೊದಲು ಊರು, ಮನೆ, ಉದ್ಯೋಗ ಮೊದಲಾದವುಗಳ ಬಗೆಗೆ ನಾಲ್ಕೈದು ನಿಮಿಷ ಪ್ರಶ್ನಿಸುತ್ತಾರೆ. ಬಳಿಕ ಒಂದು ವಿಷಯ ಬರೆದ ಚೀಟಿಯನ್ನು ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದೆರಡು ನಿಮಿಷ ಎಡೆಬಿಡದೆ ಮಾತನಾಡಲು ಹೇಳುತ್ತಾರೆ. ಕೊನೆಗೆ ಅದೇ ವಿಷಯವನ್ನು ಹಿಡಿದು ವಿಚಾರಪೂರ್ಣವಾದ ಚರ್ಚೆ ನಡೆಸುತ್ತಾರೆ. ಇಡೀ ಸಂಭಾಷಣೆ ಧ್ವನಿಮುದ್ರಿತವಾಗುತ್ತದೆ. ಪರೀಕ್ಷಕರು ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಅಂಕ ಕಳೆಯುವುದಿಲ್ಲ. ಪ್ರತಿಯೊಂದು ಮಟ್ಟದ ಮಾತು ಹೇಗಿರುತ್ತದೆ ಎಂಬ ಲಿಖಿತ ವಿವರಣೆ ಅವರ ಬಳಿ ಇರುತ್ತದೆ. ಕೇಳಿದ ಮಾತು ಯಾವ ವಿವರಣೆಗೆ ಸರಿಹೊಂದುತ್ತದೆ ಎಂಬುದನ್ನು ನಿರ್ಧರಿಸುತ್ತಾರೆ. ಹೀಗೆ ನಾಲ್ಕು ಅಂಶಗಳಿಗೆ ಬೇರೆ ಬೇರೆಯಾಗಿ ಅಂಕ ಬೀಳುತ್ತದೆ: ನಿರರ್ಗಳತೆ ಮತ್ತು ಸುಸಂಬದ್ಧತೆ ಕೂಡಿ ಒಂದು, ಶಬ್ದಸಂಪತ್ತು ಎರಡನೆಯದು, ವ್ಯಾಕರಣ ಮೂರನೆಯದು, ಉಚ್ಚಾರಣೆ ನಾಲ್ಕನೆಯದು. ನಾಲ್ಕಕ್ಕೂ ಸಮಾನ ತೂಕ. ಅವುಗಳ ಸರಾಸರಿಯೇ ಹಾಳೆಯ ಮೇಲಿನ ಅಂಕೆ. ಅಭ್ಯರ್ಥಿಯ ಅಭಿಪ್ರಾಯ ಸರಿಯೇ, ಅವನ ಜ್ಞಾನ ಎಷ್ಟು ಎಂಬುದಕ್ಕೆ ಇಲ್ಲಿ ಅಂಕವಿಲ್ಲ.

ಆ ನಾಲ್ಕರಲ್ಲಿ ನಮ್ಮ ಹುಡುಗಿಗೆ ಕೊರತೆಯಾದದ್ದು ಯಾವುದು? ಅದನ್ನು ಕಂಡುಕೊಳ್ಳಲು ಪರೀಕ್ಷೆಯ ಮಾದರಿಯಲ್ಲಿಯೇ ಒಂದು ಚೀಟಿ ಬರೆದುಕೊಟ್ಟೆ: ಬಹಳ ಜನ ಸೇರುವ ಒಂದು ಸ್ಥಳವನ್ನು ವರ್ಣಿಸಿರಿ. ಅವಳು ನಮ್ಮೂರ ಜಾತ್ರೆಯನ್ನು ಆರಿಸಿಕೊಂಡು ಎರಡು ನಿಮಿಷ ಮಾತನಾಡಿದಳು. ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಸಾರ್ವಜನಿಕವಾಗಿ ಪ್ರಕಟವಾಗಿರುವ ಬ್ಯಾಂಡ್ ವಿವರಣೆಗಳನ್ನು ಎದುರಿಗಿಟ್ಟುಕೊಂಡು, ಇಬ್ಬರೂ ನಾಲ್ಕು ಸಲ ಕೇಳಿದೆವು. ಒಂದೊಂದು ಸಲ ಒಂದೊಂದು ತಕ್ಕಡಿ ಹಿಡಿದು.

ಮೊದಲ ಸಲ ಕೇಳಿದ್ದು ನಿರರ್ಗಳತೆಗಾಗಿ. ವೇಗವಾಗಿ ಮಾತನಾಡುವುದೇ ನಿರರ್ಗಳತೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪರೀಕ್ಷಕರು ನೋಡುವುದು ವೇಗವನ್ನಲ್ಲ, ಮಾತು ಎಲ್ಲಿ ನಿಲ್ಲುತ್ತದೆ ಮತ್ತು ಏಕೆ ನಿಲ್ಲುತ್ತದೆ ಎಂಬುದನ್ನು. ಒಂದು ವಿಚಾರ ಮುಗಿದು ಮುಂದಿನ ವಿಚಾರಕ್ಕಾಗಿ ಕ್ಷಣ ತಡೆದರೆ ಅದು ದೋಷವಲ್ಲ. ಅತ್ಯುನ್ನತವಾದ 9ನೆಯ ಮಟ್ಟದಲ್ಲಿಯೂ ಅಂಥ ತಡೆಗೆ ಅವಕಾಶವಿದೆ. ಆದರೆ ವಾಕ್ಯದ ನಡುವೆ ಪದಕ್ಕಾಗಿ, ವ್ಯಾಕರಣಕ್ಕಾಗಿ ತಡಕಾಡುತ್ತ ನಿಂತರೆ ಅಂಕ ಇಳಿಯುತ್ತದೆ. ಹುಡುಗಿಯ ಮಾತಿನ ಮೊದಲ ನಾಲ್ಕು ವಾಕ್ಯಗಳು ಹೊಳೆಯಂತೆ ಹರಿದವು. ಅವು ಯಾವುದೋ ತರಬೇತಿ ತರಗತಿಯಲ್ಲಿ ಬಾಯಿಪಾಠ ಮಾಡಿದವು. ಐದನೆಯ ವಾಕ್ಯದಿಂದ ಹರಿವು ತುಂಡಾಯಿತು. ಬಾಯಿಪಾಠದ ಭಾಗ ಮತ್ತು ಸ್ವಂತ ಮಾತಿನ ಭಾಗಗಳ ಈ ಅಂತರವನ್ನು ತರಬೇತಿ ಪಡೆದ ಕಿವಿ ಕೂಡಲೇ ಗುರುತಿಸುತ್ತದೆ. ಅಲ್ಲದೆ ಎರಡು ನಿಮಿಷದಲ್ಲಿ "ಬೇಸಿಕಲಿ" ಎಂಬ ಪದ ಹನ್ನೊಂದು ಬಾರಿ ಬಂದಿತ್ತು. ಮಾತನ್ನು ಜೋಡಿಸುವ ಇಂಥ ಪದಗಳು ಜೋಡಣೆಯ ಕೆಲಸ ಮಾಡಿದರೆ ಸುಸಂಬದ್ಧತೆ ಹೆಚ್ಚುತ್ತದೆ. ಬರಿದೆ ತೂತು ಮುಚ್ಚಲು ಬಳಸಿದರೆ ಕಡಿಮೆಯಾಗುತ್ತದೆ. ತೇರಿನ ವಿಷಯ ಹೇಳುತ್ತಿದ್ದವಳು ಬಳೆ ಅಂಗಡಿಗೆ ಹೋಗಿ, ಪುನಃ ತೇರಿಗೆ ಬಂದದ್ದಕ್ಕೆ ಯಾವ ಸೇತುವೆಯೂ ಇರಲಿಲ್ಲ. ಮಾತು ನಿಲ್ಲದೆ ಮುಂದುವರಿಯುತ್ತದೆ, ಆದರೆ ತಡವರಿಕೆಯಿಂದ ಆಗಾಗ ಎಳೆ ತಪ್ಪುತ್ತದೆ ಎಂಬುದು 6ನೆಯ ಮಟ್ಟದ ವಿವರಣೆ. ಅದು ಇವಳಿಗೆ ಒಪ್ಪುವಂತಿತ್ತು.

ಎರಡನೆಯ ಸಲ ಶಬ್ದಸಂಪತ್ತಿನ ಪರಿಶೀಲನೆ. ಇಲ್ಲಿ ಅವಳು ಬೇಸರಪಟ್ಟುಕೊಂಡಿದ್ದ ಒಂದು ಸಂಗತಿಯೇ ಅವಳ ಪಾಲಿಗೆ ಲಾಭವಾಗಿತ್ತು. ತೇರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಅವಳಿಗೆ ಹೊಳೆಯಲಿಲ್ಲ. ಆಗ ಅವಳು, ಮರದ ಎತ್ತರವಾದ ಬಂಡಿ, ನೂರಾರು ಜನ ದಪ್ಪ ಹಗ್ಗಗಳಿಂದ ಅದನ್ನು ಎಳೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದಳು. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ಸುತ್ತುವರಿದು ಹಿಡಿಯುವ ಈ ಶಕ್ತಿಯನ್ನು ವಿವರಣೆಗಳಲ್ಲಿ ಪ್ರತ್ಯೇಕವಾಗಿಯೇ ಹೆಸರಿಸಲಾಗಿದೆ. 5ನೆಯ ಮಟ್ಟದವರು ಇದಕ್ಕೆ ಯತ್ನಿಸಿ ಕೆಲವೊಮ್ಮೆ ಸೋಲುತ್ತಾರೆ, 6ನೆಯ ಮಟ್ಟದವರು ಸಾಮಾನ್ಯವಾಗಿ ಗೆಲ್ಲುತ್ತಾರೆ. 7ಕ್ಕೆ ಏರಲು ಇನ್ನೊಂದು ಬೇಕು: ಯಾವ ಪದ ಯಾವ ಪದದೊಡನೆ ಕೂಡುತ್ತದೆ ಎಂಬ ಅರಿವು. ನಾವು ಹಾಲು ಕರೆಯುತ್ತೇವೆ, ನೀರು ಸೇದುತ್ತೇವೆ. ಹಾಲು ಸೇದುತ್ತೇನೆ ಎಂದರೆ ಅರ್ಥವಾದರೂ ಕಿವಿಗೆ ಒರಟು. ಹಾಗೆಯೇ ನಮ್ಮ ಜೋರು ಮಳೆ ಇಂಗ್ಲಿಷಿನಲ್ಲಿ "ಸ್ಟ್ರಾಂಗ್ ರೇನ್" ಅಲ್ಲ, "ಹೆವಿ ರೇನ್". ಈ ಹೊಂದಾಣಿಕೆ ಅವಳಲ್ಲಿ ಬಹುಮಟ್ಟಿಗೆ ಇತ್ತು. ಬಾಯಿಪಾಠದಿಂದ ತಂದ "ಪ್ಲೆಥೋರಾ" ಎಂಬ ಆಡಂಬರದ ಪದವೊಂದೇ ಸರಳ ಮಾತಿನ ನಡುವೆ ಹೊಂದದೆ ನಿಂತಿತ್ತು. ಈ ತಕ್ಕಡಿಯಲ್ಲಿ ಅವಳಿಗೆ 7 ಸಲ್ಲುತ್ತದೆ ಎನಿಸಿತು. ವ್ಯಾಕರಣದಲ್ಲಿ ಸಣ್ಣಪುಟ್ಟ ದೋಷಗಳಿದ್ದರೂ ಸಂಕೀರ್ಣ ವಾಕ್ಯಗಳು ಸಾಕಷ್ಟಿದ್ದುದರಿಂದ ಅಲ್ಲಿಯೂ 7.

ಕೊನೆಯದು ಉಚ್ಚಾರಣೆ. ಆಂಗ್ಲರಂತೆ ನುಡಿಯಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಕನ್ನಡದ ಧಾಟಿ ಇದ್ದರೆ ಅದಕ್ಕಾಗಿ ಅಂಕ ಕಡಿತವಿಲ್ಲ. ಕೇಳುವವರು ಎಷ್ಟು ಪ್ರಯಾಸಪಡಬೇಕು ಎಂಬುದೇ ಪ್ರಶ್ನೆ. ಎರಡು ಕಡೆ ಈ ಪ್ರಯಾಸ ಕಂಡಿತು. ನಮ್ಮ ನಾಲಿಗೆ ಪದದ ಆದಿಯಲ್ಲಿ ಬರುವ "ಇ", "ಎ" ಸ್ವರಗಳ ಮುಂದೆ ತಾನಾಗಿಯೇ ಯಕಾರವನ್ನು ಸೇರಿಸುತ್ತದೆ. ಎಲೆಯನ್ನು ಯೆಲೆ ಎನ್ನುವಂತೆ "ಎಗ್" ಎಂಬುದು "ಯೆಗ್" ಆಗುತ್ತದೆ. ಬಹಳಷ್ಟು ಪದಗಳಲ್ಲಿ ಇದರಿಂದ ಹಾನಿಯಿಲ್ಲ. ಆದರೆ ಕಿವಿ ಎಂಬರ್ಥದ ಪದವೂ ವರ್ಷ ಎಂಬರ್ಥದ ಪದವೂ ಅವಳ ಬಾಯಲ್ಲಿ ಒಂದೇ "ಯಿಯರ್" ಆಗಿದ್ದವು. ರೋಗಿಗೆ ನೋವಿರುವುದು ಕಿವಿಯಲ್ಲೋ, ಅಥವಾ ಇಡೀ ವರ್ಷದಿಂದಲೋ ಎಂದು ಕೇಳಿದವರು ಗೊಂದಲಕ್ಕೆ ಬೀಳಬಹುದು.

ಎರಡನೆಯದು ಲಯ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಸರಿಸುಮಾರು ಸಮನಾದ ಒತ್ತು. ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳು ಏಳುತ್ತವೆ, ಉಳಿದವು ತಗ್ಗಿ ಸಾಗುತ್ತವೆ. "ಫೋಟೋಗ್ರಾಫ್" ಎಂಬಲ್ಲಿ ಒತ್ತು ಮೊದಲನೆಯ ಭಾಗಕ್ಕೆ, "ಫೊಟಾಗ್ರಫಿ" ಎಂಬಲ್ಲಿ ಎರಡನೆಯ ಭಾಗಕ್ಕೆ. ವಾಕ್ಯದಲ್ಲಿಯೂ ಮುಖ್ಯವಾದ ಪದ ಎದ್ದು ಕೇಳಬೇಕು. ಅವಳು ಎಲ್ಲವನ್ನೂ ಒಂದೇ ಎತ್ತರದಲ್ಲಿ, ಅದರಲ್ಲೂ ಅವಸರವಾಗಿ ನುಡಿದಿದ್ದಳು. ಲಯ ತಪ್ಪುವುದಕ್ಕೆ ಅತಿವೇಗವೂ ಒಂದು ಕಾರಣವೆಂದು 6ನೆಯ ಮಟ್ಟದ ವಿವರಣೆಯೇ ಹೇಳುತ್ತದೆ. ಹೀಗೆ ನಿರರ್ಗಳತೆಗೆಂದು ಹೆಚ್ಚಿಸಿದ ವೇಗ ಉಚ್ಚಾರಣೆಯ ಅಂಕವನ್ನು ತಿಂದಿತ್ತು. 2008ಕ್ಕೆ ಮೊದಲು ಉಚ್ಚಾರಣೆಗೆ 2, 4, 6, 8 ಎಂಬ ಸಮಸಂಖ್ಯೆಗಳ ಮಟ್ಟಗಳು ಮಾತ್ರ ಇದ್ದವು. ಈಗ 7 ಕೂಡ ಉಂಟು. 6ರ ಎಲ್ಲ ಗುಣಗಳೂ ಇದ್ದು, 8ರ ಕೆಲವು ಗುಣಗಳಾದರೂ ಕಂಡರೆ ಅದು 7. ಅವಳಲ್ಲಿ ಆಗ ಅವು ಕಾಣುತ್ತಿರಲಿಲ್ಲ, ಆದ್ದರಿಂದ 6.

ಈಗ ಲೆಕ್ಕ ಸರಿಹೋಯಿತು. 6, 7, 7, 6 ಕೂಡಿದರೆ 26. ನಾಲ್ಕರಿಂದ ಭಾಗಿಸಿದರೆ 6.5. ಇದು ನಮ್ಮ ಅಂದಾಜೇ ಹೊರತು ಪರೀಕ್ಷಕರು ಇಟ್ಟ ಲೆಕ್ಕವಲ್ಲ. ಆದರೆ ಹಾಳೆಯ ಅಂಕೆಯೊಡನೆ ಅದು ತಾಳೆಯಾಯಿತು. 7 ಬರಬೇಕಾದರೆ ಮೊತ್ತ 28 ಆಗಬೇಕು. ಶಬ್ದವನ್ನು 9ಕ್ಕೆ ಏರಿಸುವುದು ಅಸಾಧ್ಯಕ್ಕೆ ಸಮೀಪ. ಇಳಿದ ಎರಡು ತಕ್ಕಡಿಗಳನ್ನು ಒಂದೊಂದು ಮಟ್ಟ ಮೇಲೆತ್ತುವುದು ಸಾಧ್ಯ. ಅಲ್ಲಿಯವರೆಗೆ ಅವಳು ನಿತ್ಯವೂ ಕಲಿಯುತ್ತಿದ್ದುದು ಕಠಿಣ ಪದಗಳ ಪಟ್ಟಿಯನ್ನು, ಅಂದರೆ ಆಗಲೇ ತುಂಬಿದ್ದ ತಕ್ಕಡಿಗೆ ಮತ್ತಷ್ಟು ಸುರಿಯುತ್ತಿದ್ದಳು.

ಪಟ್ಟಿಯನ್ನು ಮುಚ್ಚಿಟ್ಟು, ಮೂರು ತಿಂಗಳು ಬೇರೆ ಕೆಲಸ ಹಿಡಿದೆವು. ಯೋಚಿಸಲು ಸಿಗುವ ಒಂದು ನಿಮಿಷದಲ್ಲಿ ವಾಕ್ಯ ಬರೆಯದೆ, ಬರಬೇಕಾದ ಸಂಗತಿಗಳ ಅನುಕ್ರಮವನ್ನಷ್ಟೇ ನಾಲ್ಕು ಪದಗಳಲ್ಲಿ ಗುರುತು ಹಾಕಿಕೊಳ್ಳುವುದು ಒಂದು. ತೇರಿನ ಕಥೆ ಮುಗಿದ ಮೇಲೆಯೇ ಅಂಗಡಿಗಳ ಕಥೆ. ಒಂದೇ ವಿಷಯವನ್ನು ಒಂದು ದಿನ ನನಗೆ, ಮರುದಿನ ಪಕ್ಕದ ಮನೆಯ ಕಾಲೇಜು ಹುಡುಗಿಗೆ, ಬೇರೆ ಬೇರೆ ಮಾತುಗಳಲ್ಲಿ ಹೇಳುವುದು ಎರಡನೆಯದು. ಬಾಯಿಪಾಠವಾಗುವುದಕ್ಕೆ ಅಲ್ಲಿ ಆಸ್ಪದವಿರಲಿಲ್ಲ. ಮೂರನೆಯದಾಗಿ, ಪ್ರತಿ ವಾಕ್ಯದಲ್ಲಿ ಮುಖ್ಯವಾದ ಒಂದು ಪದವನ್ನು ಆರಿಸಿ, ಅದರ ಮೇಲೆ ಭಾರ ಹಾಕಿ ನಿಧಾನವಾಗಿ ನುಡಿದು ಮುದ್ರಿಸಿ ಕೇಳುವುದು. "ಬೇಸಿಕಲಿ" ಎಂದು ನಾಲಿಗೆಯ ತುದಿಗೆ ಬಂದಾಗ ಸುಮ್ಮನೆ ಒಂದು ಕ್ಷಣ ಮೌನವಾಗಿರಲು ಹೇಳಿದೆ. "ಸುಮ್ಮಕಿದ್ರ ಅಂಕ ಹೋಗೂದಿಲ್ಲೇನು ಮಾವ?" ಎಂದಳು. ವಾಕ್ಯ ಮುಗಿದಲ್ಲಿ ತಡೆದರೆ ಹೋಗದವ್ವಾ, ನಡುವೆ ತಡಕಾಡಿದರೆ ಹೋಗುತ್ತದೆ ಎಂದೆ.

ಎರಡನೆಯ ಬಾರಿಯ ಪರೀಕ್ಷೆ ಮುಗಿಸಿ ಬಂದವಳ ಮುಖ ಸಪ್ಪೆಯಾಗಿತ್ತು. ಅವಳಿನ್ನೂ ಮಾತನಾಡುತ್ತಿರುವಾಗಲೇ ಪರೀಕ್ಷಕರು ತಡೆದು ನಿಲ್ಲಿಸಿದರಂತೆ. ಇದರಿಂದ ಹೆದರಬೇಕಾದುದಿಲ್ಲ. ಪ್ರತಿಯೊಂದು ಭಾಗಕ್ಕೂ ಕಾಲದ ಮಿತಿ ಇರುವುದರಿಂದ ಅವರು ಹಾಗೆ ನಿಲ್ಲಿಸಲೇಬೇಕು. ಹೇಳಲು ಇನ್ನೂ ಮಾತು ಉಳಿದಿತ್ತೆಂಬುದು ಒಳ್ಳೆಯ ಲಕ್ಷಣವೇ. ಪರೀಕ್ಷಕರ ಮುಖಭಾವದಿಂದ ಅಂಕವನ್ನು ಊಹಿಸಲೂ ಬಾರದು. ಅವರು ಏನನ್ನೂ ತೋರಗೊಡದಂತೆ ಶಿಕ್ಷಣ ಪಡೆದವರು. ಫಲಿತಾಂಶ ಬಂದಾಗ ಮಾತಿನ ಭಾಗದ ಎದುರು 7 ಎಂದಿತ್ತು.

ಮನೆಯಲ್ಲಿ ಮಕ್ಕಳು ಈ ಪರೀಕ್ಷೆಗೆ ಸಿದ್ಧರಾಗುತ್ತಿದ್ದರೆ, ಇಂಗ್ಲಿಷ್ ಬಾರದ ಹಿರಿಯರೂ ಒಂದು ಉಪಕಾರ ಮಾಡಬಹುದು. ಅವರು ಎರಡು ನಿಮಿಷ ಮಾತನಾಡುವಾಗ ಎದುರಿಗೆ ಕುಳಿತು, ಮಾತು ಎಷ್ಟು ಸಲ ನಿಂತಿತು, ಯಾವ ಒಂದು ಪದ ಪದೇ ಪದೇ ಕಿವಿಗೆ ಬಿತ್ತು, ದನಿ ಎಲ್ಲಿಯೂ ಏರಿಳಿಯದೆ ಒಂದೇ ಸಮನೆ ಸಾಗಿತೆ ಎಂಬ ಮೂರನ್ನು ಗಮನಿಸಿ ಹೇಳಿರಿ. ಭಾಷೆ ತಿಳಿಯದ ಕಿವಿಗೂ ಇವು ಕೇಳಿಸುತ್ತವೆ. ನನ್ನ ತಂಗಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಆ "ಬೇಸಿಕಲಿ"ಯನ್ನು ಎಣಿಸಿದ್ದಳು. ಹನ್ನೊಂದು ಎಂಬ ಆ ಲೆಕ್ಕ ಅವಳದೇ.