ಫೆಬ್ರವರಿಯ ನೀರು

2024ರ ಫೆಬ್ರವರಿ ಕೊನೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ಬರೋಕೆ ಶುರುವಾಗಿತ್ತು. ಹನ್ನೆರಡು ಸಾವಿರ ಲೀಟರಿನ ಆ ಲಾರಿಗಾಗಿ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ಕಾಯ್ತಿದ್ದ ಕಾಲ ಅದು. ಅಂಥ ಒಂದು ದಿನ ಅಪ್ಪ ಫೋನ್ ಮಾಡಿದರು. "ಹಳ್ಳದಲ್ಲಿ ನೀರು ಮೊಣಕಾಲುದ್ದಾನೂ ಇಲ್ಲ ಕಣೋ. ಕೆಳಗಿನ ತೋಟದ ನಿಮ್ಮ ಚಿಕ್ಕಪ್ಪ ಮಾತು ಬಿಟ್ಟಿದಾನೆ."

ಯಾಕೆ ಅಂತ ಕೇಳಬೇಕಾಗಿರಲಿಲ್ಲ. ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಫೆಬ್ರವರಿ ಅಂದ್ರೆ ರೋಬಸ್ಟಕ್ಕೆ ಹೂವಿನ ನೀರು ಕೊಡೋ ತಿಂಗಳು. ಪಂಪು ನಮ್ಮದು ಮೇಲೆ, ಚಿಕ್ಕಪ್ಪನದು ಕೆಳಗೆ. ನಮ್ಮ ಪಂಪ್ ಓಡುವಷ್ಟು ಹೊತ್ತು ಅವರ ಪಂಪು ಗಾಳಿ ಎಳೆಯುತ್ತೆ.

ಅದೇ ವಾರ ನಾನು ಆಫೀಸಿನಲ್ಲಿ ಪರಿಸರವಾದಿ ಆಗಿದ್ದೆ. ನಮ್ಮ ಮಹಡಿಯ ಪ್ಯಾಂಟ್ರಿಯಲ್ಲಿ ಪಾಡ್ ಮೆಷಿನ್ ಇತ್ತು. ಪುಟ್ಟ ಅಲ್ಯೂಮಿನಿಯಂ ಡಬ್ಬಿ ಹಾಕಿ, ಬಟನ್ ಒತ್ತಿದರೆ ಕಾಫಿ. ಒಂದು ವಾರದ ಖಾಲಿ ಪಾಡ್‌ಗಳನ್ನೆಲ್ಲ ಒಂದು ಚೀಲದಲ್ಲಿ ಕೂಡಿಡಿ ಅಂತ ಹೌಸ್‌ಕೀಪಿಂಗ್ ಅಕ್ಕನಿಗೆ ಹೇಳಿದ್ದೆ. ಶುಕ್ರವಾರ ಎಣಿಸಿದರೆ ಐನೂರ ನಲವತ್ತು. ತೂಕ ಎಂಟು ಕೆ.ಜಿ. "ಇದನ್ನ ಎಲ್ಲಿಗೆ ಹಾಕ್ತೀರಿ ಅಕ್ಕ?" ಅಂದೆ. "ಹಸಿ ಕಸದವರು ತಗೊಳಲ್ಲ ಸರ್, ಡಬ್ಬಿ ಅಂತಾರೆ. ಒಣ ಕಸದವರೂ ತಗೊಳಲ್ಲ, ಒಳಗೆ ಹಸಿ ಇದೆ ಅಂತಾರೆ. ರಿಜೆಕ್ಟ್‌ಗೆ ಹೋಗುತ್ತೆ."

ಪಾಡ್‌ನ ಇಡೀ ಸಮಸ್ಯೆಯನ್ನ ಅಕ್ಕ ಮೂರು ವಾಕ್ಯದಲ್ಲಿ ಹೇಳಿದ್ದರು. ಒಂದು ಪಾಡ್‌ನಲ್ಲಿ ಅಲ್ಯೂಮಿನಿಯಂ ಇರೋದು ಸುಮಾರು ಒಂದು ಗ್ರಾಂ, ಅದರೊಳಗೆ ಅದರ ಹತ್ತರಷ್ಟಕ್ಕಿಂತ ಹೆಚ್ಚು ಒದ್ದೆ ಕಾಫಿ ಚರಟ. ಅಲ್ಯೂಮಿನಿಯಂ ಅನ್ನ ಎಷ್ಟು ಸಲ ಬೇಕಾದ್ರೂ ಕರಗಿಸಬಹುದು ಅನ್ನೋದು ನಿಜ. ಆದ್ರೆ ಯಾರಾದ್ರೂ ಒಂದೊಂದೇ ಕೊಯ್ದು ಚರಟ ತೆಗೆದರೆ ಮಾತ್ರ. ನಾನೇ ಕೂತು ಕೊಯ್ದು ನೋಡಿದೆ. ಒಂದಕ್ಕೆ ಹತ್ತಿರಹತ್ತಿರ ಒಂದು ನಿಮಿಷ. ಐನೂರ ನಲವತ್ತಕ್ಕೆ ಒಂಬತ್ತು ಗಂಟೆ, ಅಂದ್ರೆ ಒಂದು ಇಡೀ ದಿನದ ದುಡಿಮೆ. ಕೈಗೆ ಬರೋದು ಅರ್ಧ ಕೆ.ಜಿ. ಲೋಹ. ಹಾಗಾಗಿ ಪೊಟ್ಟಣದ ಮೇಲೆ "ರೀಸೈಕಲ್ ಮಾಡಬಹುದು" ಅಂತ ಬರೆದಿದ್ದರೂ, ವಾಪಸ್ ತಗೊಂಡು ಹೋಗಿ ಬೇರ್ಪಡಿಸೋ ವ್ಯವಸ್ಥೆ ನಿಮ್ಮ ಕಟ್ಟಡಕ್ಕೆ ಬರದಿದ್ದರೆ ಅದು ಕಸವೇ. ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲೇ ತನ್ನ ಸರ್ಕಾರಿ ಕಚೇರಿಗಳಿಗೆ ಇಂಥ ಪಾಡ್ ಕೊಳ್ಳೋದನ್ನ ನಿಲ್ಲಿಸಿತ್ತು.

ನಾನು ಫೋಟೋ, ಲೆಕ್ಕ ಎಲ್ಲ ಹಾಕಿ ಮೇಲ್ ಕಳಿಸಿದೆ. ಒಂದು ತಿಂಗಳಲ್ಲಿ ಮೆಷಿನ್ ಹೋಯ್ತು. ದೊಡ್ಡ ಸ್ಟೀಲ್ ಫಿಲ್ಟರ್ ಬಂತು. ಬೆಳಿಗ್ಗೆಯೇ ಡಿಕಾಕ್ಷನ್ ಇಳಿಸಿಟ್ಟರೆ ದಿನವಿಡೀ ಕಾಫಿ. ಎಲ್ಲರೂ ಬೆನ್ನು ತಟ್ಟಿದರು. ಹಳ್ಳಿ ಹುಡುಗ ಗೆದ್ದ ಅಂತ ನಾನೂ ಒಳಗೊಳಗೇ ಬೀಗಿದೆ.

ಮುಂದಿನ ವಾರ ಊರಿಗೆ ಹೋದಾಗ ಅಪ್ಪನ ಹತ್ರ ಈ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಡಬ್ಬಿ ಸರಿ. ಡಬ್ಬಿ ಒಳಗಿನ ಕಾಫಿಗೆ ಎಷ್ಟು ನೀರು ಹೋಗಿತ್ತು ಅಂತ ಲೆಕ್ಕ ಹಾಕಿದೀಯಾ?" ಅಂದ್ರು.

ಹಾಕಿರಲಿಲ್ಲ. ನನಗೆ ಗೊತ್ತಿದ್ದದ್ದು ಎಲ್ಲ ಕಡೆ ಓಡಾಡೋ ಒಂದೇ ಅಂಕಿ: ಒಂದು ಕಪ್ ಕಾಫಿಗೆ ಸುಮಾರು 140 ಲೀಟರ್ ನೀರು. ನೆದರ್‌ಲ್ಯಾಂಡ್ಸ್‌ನ ಹುಕ್ಸ್‌ಟ್ರಾ ಮತ್ತು ಚಪಾಗೈನ್ ಎಂಬ ಸಂಶೋಧಕರು ಹಾಕಿದ ಲೆಕ್ಕ ಅದು. ಕೇಳಿದವರು ಬೆಚ್ಚಿಬೀಳ್ತಾರೆ. ಆದ್ರೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ತೋಟದ ಮೇಲೆ ತಾನಾಗೇ ಬಿದ್ದ ಮಳೆ. ಮಲೆನಾಡಿನ ಜುಲೈ ಮಳೆಯನ್ನ ಕಾಫಿ ಗಿಡ ಕುಡೀದೆ ಇದ್ದರೆ ಮರ ಕುಡಿಯುತ್ತೆ, ಉಳಿದದ್ದು ಹೊಳೆ ಸೇರುತ್ತೆ. ಆ 140 ಲೀಟರಿಗೆ ನಮ್ಮ ಚಿಕ್ಕಪ್ಪ ಮಾತು ಬಿಡೋದಿಲ್ಲ. ಅವರು ಮಾತು ಬಿಡೋದು ಫೆಬ್ರವರಿಯಲ್ಲಿ ಹಳ್ಳದಿಂದ ಎತ್ತೋ ನೀರಿಗೆ.

ಆ ನೀರು ಯಾಕೆ ಬೇಕು ಅಂದ್ರೆ, ರೋಬಸ್ಟದ ಮೊಗ್ಗು ಬೇಸಿಗೆಯ ಒಣ ದಿನಗಳಲ್ಲಿ ಮಲಗಿಬಿಟ್ಟಿರುತ್ತೆ. ಚೆನ್ನಾಗಿ ಒಂದು ಮಳೆ ಬಿದ್ದರೆ ಎಚ್ಚರಾಗಿ, ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ ಹೂವು. ಮಳೆ ಸಾಲದೆ ಹೋದರೆ ಮೊಗ್ಗು ಅರ್ಧಕ್ಕೇ ನಿಂತು ಕಮರುತ್ತೆ. ಆ ವರ್ಷದ ಫಸಲು ಅಲ್ಲಿಗೆ ಮುಗೀತು. ಹೂಮಳೆ ಯಾವತ್ತು ಬರುತ್ತೆ ಅಂತ ನಂಬಿ ಕೂರೋಕಾಗಲ್ಲ. ಅದಕ್ಕೇ ಸ್ಪ್ರಿಂಕ್ಲರ್ ಇಟ್ಟು ಒಂದೂವರೆ ಇಂಚು ಮಳೆಯಷ್ಟು ನೀರು ಹೊಡೀತಾರೆ. ಹೂ ಬಿಟ್ಟು ಎರಡು ಮೂರು ವಾರಕ್ಕೆ ಕಾಯಿ ನಿಲ್ಲೋಕೆ ಇನ್ನೊಂದು ಇಂಚು. ಅದನ್ನ ಬ್ಯಾಕಿಂಗ್ ನೀರು ಅಂತಾರೆ.

ಕಣದ ಕಟ್ಟೆ ಮೇಲೆ ಕೂತು ಫೋನಿನಲ್ಲೇ ಲೆಕ್ಕ ಹಾಕಿದೆವು. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಜಾಸ್ತಿ. ಎರಡೂವರೆ ಇಂಚಿಗೆ ಎರಡೂವರೆ ಲಕ್ಷ. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ ಎಕರೆಗೆ ಇಪ್ಪತ್ತೊಂದು ಟ್ಯಾಂಕರ್. ನಮ್ಮ ಒಂದು ಎಕರೆಯಲ್ಲಿ ಒಣಗಿಸಿ, ಸಿಪ್ಪೆ ತೆಗೆದ ಬೀಜ ಸಿಗೋದು ಸುಮಾರು ಐನೂರು ಕೆ.ಜಿ. ಅಲ್ಲಿಗೆ ಕೆ.ಜಿ. ಬೀಜಕ್ಕೆ 500 ಲೀಟರ್. ಹುರಿದಾಗ ತೂಕ ಇಳಿಯೋದರಿಂದ ಕೆ.ಜಿ. ಪುಡಿಗೆ 600. ಒಂದು ಲೋಟಕ್ಕೆ ಹತ್ತು ಗ್ರಾಂ ಪುಡಿ ಅಂದ್ರೆ ಆರು ಲೀಟರ್.

140ರ ಮುಂದೆ ಆರು ಏನೂ ಅಲ್ಲ ಅನ್ನಿಸುತ್ತೆ. ಆದ್ರೆ ಈ ಆರು ಲೀಟರ್ ಹಳ್ಳ ಅತ್ಯಂತ ಸೊರಗಿರೋ ತಿಂಗಳಿನದ್ದು. ನಮ್ಮ ಹಳ್ಳ ಸೇರೋದು ಹೇಮಾವತಿಗೆ, ಹೇಮಾವತಿ ಸೇರೋದು ಕಾವೇರಿಗೆ. ಬೆಂಗಳೂರಿನ ನಲ್ಲಿಯಲ್ಲಿ ಬರೋದೂ ಕಾವೇರಿಯೇ. ನಾನು ಬಾಲ್ಕನಿಯಲ್ಲಿ ನಿಂತು ಕಾಯ್ತಿದ್ದ ನೀರನ್ನೇ ಬೆಳಿಗ್ಗೆ ಲೋಟದಲ್ಲಿ ಕುಡಿದಿದ್ದೆ.

"ಹಾಗಾದ್ರೆ ಅರೇಬಿಕಾ ಕುಡಿದರೆ ಸರಿನಾ?" ಅಂತ ಕೇಳಿದೆ. ಅಪ್ಪ ನಕ್ಕರು. ಅರೇಬಿಕಾ ಅಷ್ಟು ನೀರಾವರಿ ಕೇಳಲ್ಲ, ನಿಜ. ಆದ್ರೆ ಅದನ್ನ ಹೆಚ್ಚಾಗಿ ಪಲ್ಪಿಂಗ್ ಮಾಡ್ತಾರೆ. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಮೇಲಿನ ಲೋಳೆಯನ್ನ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಸುಲಿಯದೆ ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದರೆ ಚೆರ್ರಿ. ಚೆರ್ರಿಗೆ ಬಿಸಿಲು ಸಾಕು, ಪಾರ್ಚ್‌ಮೆಂಟಿಗೆ ನೀರು ಬೇಕು. ಆ ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆಯೆಲ್ಲ ಇರುತ್ತೆ. ಅದು ಹುಳಿತು ಹಳ್ಳಕ್ಕೆ ಹೋದರೆ, ಅದನ್ನ ತಿನ್ನೋ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿಬಿಡ್ತವೆ. ನಾನು ಚಿಕ್ಕವನಿದ್ದಾಗ ಜನವರಿಯಲ್ಲಿ ಹಳ್ಳ ಕಂದು ಬಣ್ಣಕ್ಕೆ ತಿರುಗಿ, ಹುಳಿ ವಾಸನೆ ಹೊಡೆದು, ಮೀನು ಹೊಟ್ಟೆ ಮೇಲಾಗಿ ತೇಲ್ತಿದ್ದದ್ದು ನೆನಪಿದೆ. ಸರಿಯಾಗಿ ಮಾಡೋ ತೋಟಗಳಲ್ಲಿ ಆ ನೀರಿಗೆ ಸುಣ್ಣ ಬೆರೆಸಿ ಹುಳಿ ಇಳಿಸಿ, ಹೊಂಡಗಳಲ್ಲಿ ನಿಲ್ಲಿಸಿ ಕೊಳೆಸಿ ತಿಳಿಮಾಡ್ತಾರೆ. ಕಡಿಮೆ ನೀರಿನಲ್ಲಿ ಲೋಳೆ ಉಜ್ಜಿ ತೆಗೆಯೋ ಪಲ್ಪರ್‌ಗಳೂ ಬಂದಿವೆ.

ಬೆಂಗಳೂರಿನ ಕಾಫಿಪುಡಿ ಅಂಗಡಿಯಲ್ಲಿ "ಪ್ಲಾಂಟೇಶನ್ ಎ" ಅಂತ ಬೋರ್ಡ್ ಇದ್ದರೆ ಅದು ತೊಳೆದ ಅರೇಬಿಕಾ. "ರೋಬಸ್ಟ ಚೆರ್ರಿ" ಅಂದ್ರೆ ತೊಳೆಯದೆ ಒಣಗಿಸಿದ್ದು. ಮೊದಲನೆಯದಕ್ಕೆ ಪಲ್ಪಿಂಗ್ ನೀರು, ಎರಡನೆಯದಕ್ಕೆ ಬಹುಪಾಲು ಹೂವಿನ ನೀರು. ಹಳ್ಳದ ನೀರೋ, ಮಳೆಗಾಲದಲ್ಲಿ ಕೆರೆಯಲ್ಲಿ ತುಂಬಿಸಿಟ್ಟದ್ದೋ ಅನ್ನೋದನ್ನ ಯಾವ ಬೋರ್ಡೂ ಹೇಳಲ್ಲ. ಅಂಗಡಿಯಲ್ಲಿ ನಿಂತು ಒಳ್ಳೇ ಕಾಫಿ ಆರಿಸ್ತೀನಿ ಅನ್ನೋ ನನ್ನ ಆಸೆ ಅಲ್ಲಿಗೆ ಮುಗೀತು. ಒಂದೇ ತೋಟದಿಂದ ಬಂದ ಪುಡಿ ಮಾರುವವರನ್ನ ಮಾತ್ರ ಈ ಎರಡು ಪ್ರಶ್ನೆ ಕೇಳಬಹುದು: ಹೂವಿಗೆ ನೀರು ಎಲ್ಲಿಂದ? ಪಲ್ಪಿಂಗ್ ನೀರು ಎಲ್ಲಿಗೆ? ಗೊತ್ತಿದ್ದವರು ತಡವರಿಸದೆ ಹೇಳ್ತಾರೆ.

ಸೋಮವಾರ ಆಫೀಸಿಗೆ ಬಂದೆ. ಸಂಜೆ ಆರಕ್ಕೆ ಪ್ಯಾಂಟ್ರಿಗೆ ಹೋದರೆ ಅಕ್ಕ ಸಿಂಕಿಗೆ ಏನೋ ಸುರೀತಾ ಇದ್ರು. ಬೆಳಗಿನ ಡಿಕಾಕ್ಷನ್. "ದಿನಾ ಇಷ್ಟು ಉಳಿಯುತ್ತೆ ಸರ್. ಮಧ್ಯಾಹ್ನದ ಮೇಲೆ ವಾಸನೆ ಹೋಗುತ್ತೆ, ಯಾರೂ ಕುಡಿಯಲ್ಲ." ಅಳೆದು ನೋಡಿದೆ. ಒಂದೂವರೆ ಲೀಟರ್. ಅದಕ್ಕೆ ಹೋಗಿದ್ದ ಪುಡಿ ಸುಮಾರು ನಾನೂರು ಗ್ರಾಂ. ನಮ್ಮಂಥ ತೋಟದ ಬೀಜ ಅಂತ ಇಟ್ಟುಕೊಂಡರೆ ಹಳ್ಳದ 240 ಲೀಟರ್ ನೀರು ದಿನಾ ಸಿಂಕಿನಲ್ಲಿ.

ಪಾಡ್ ಇದ್ದಾಗ ಈ ನಷ್ಟ ಇರಲಿಲ್ಲ. ಒಂದು ಬಟನ್, ಒಂದು ಕಪ್, ಅಳತೆ ಮಾಡಿದ ಐದಾರು ಗ್ರಾಂ ಪುಡಿ. ಕೆನಡಾದ ಕ್ವಿಬೆಕ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇದನ್ನೇ ಹೇಳಿದ್ದರು. ಪಾಡ್‌ಗಿಂತ ಅಲ್ಲಿನ ಫಿಲ್ಟರ್ ಕಾಫಿಯ ಇಂಗಾಲದ ಹೊರೆಯೇ ಹೆಚ್ಚು, ಯಾಕಂದ್ರೆ ಒಂದು ಕಪ್ಪಿಗೆ ಜಾಸ್ತಿ ಪುಡಿ ಸುರೀತಾರೆ, ಹೊರೆಯ ಬಹುಪಾಲು ಇರೋದು ಪುಡಿ ಬೆಳೆಯೋದರಲ್ಲೇ ಅಂತ. ಕಸದ ಬುಟ್ಟಿಯಲ್ಲಿ ಕಾಣೋದನ್ನ ನಾನು ಎಣಿಸಿದ್ದೆ. ಸಿಂಕಿನಲ್ಲಿ ಹರಿದು ಹೋಗೋದನ್ನ ಎಣಿಸಿರಲಿಲ್ಲ. ಬೆನ್ನು ತಟ್ಟಿದವರ ಮುಖ ನೆನಪಾಗಿ ನಾಚಿಕೆ ಆಯ್ತು.

ಪಾಡ್ ವಾಪಸ್ ತರಿಸಲಿಲ್ಲ. ಇನ್ನೊಂದು ಮೇಲ್ ಬರೆದು, ತಪ್ಪಾಯ್ತು ಅಂತಲೇ ಶುರು ಮಾಡಿದೆ. ಒಂದು ವಾರ ಎಷ್ಟು ಹೊತ್ತಿಗೆ ಎಷ್ಟು ಲೋಟ ಹೋಗುತ್ತೆ ಅಂತ ಅಕ್ಕನೇ ಗೋಡೆ ಮೇಲೆ ಗೀಟು ಹಾಕಿದರು. ದೊಡ್ಡ ಫಿಲ್ಟರ್ ಬದಲು ಎರಡು ಸಣ್ಣವು ಬಂದವು. ಬೆಳಿಗ್ಗೆ ಒಂದು, ಮಧ್ಯಾಹ್ನ ಊಟದ ಹೊತ್ತಿಗೆ ಮೊದಲನೆಯದು ಖಾಲಿಯಾದರೆ ಮಾತ್ರ ಇನ್ನೊಂದು. ಈಗ ಸಂಜೆ ಉಳಿಯೋದು ಒಂದು ಲೋಟ, ಅದನ್ನ ಅಕ್ಕನೂ ಸೆಕ್ಯೂರಿಟಿ ಅಣ್ಣನೂ ಹಂಚಿಕೊಳ್ತಾರೆ. ಚರಟ ಹಸಿ ಕಸಕ್ಕೆ ಹೋಗುತ್ತೆ, ಯಾರೂ ಬೇಡ ಅನ್ನಲ್ಲ. ಮನೆಯಲ್ಲೂ ಹಾಗೇ. ಇಬ್ಬರಿಗೆ ನಾಲ್ಕು ಜನರ ಡಿಕಾಕ್ಷನ್ ಇಳಿಸೋ ಅಭ್ಯಾಸ ಬಿಟ್ಟಿದ್ದೀವಿ. ಕಾಫಿ ಬಿಟ್ಟಿಲ್ಲ. ಬಿಟ್ಟರೆ ಅಪ್ಪ ಮನೆಗೆ ಸೇರಿಸಲ್ಲ.

ಹಳ್ಳದ ಜಗಳ ಮಾತ್ರ ನನ್ನ ಲೋಟದಿಂದ ತೀರಲಿಲ್ಲ. ಅದನ್ನ ತೀರಿಸಿದ್ದು ರೋಬಸ್ಟದ ಬೆಲೆ. 2024ರಲ್ಲಿ ಅದು ಹಿಂದೆಂದೂ ಕಾಣದಷ್ಟು ಏರಿ ಅಪ್ಪನ ಕೈಯಲ್ಲಿ ಒಂದಿಷ್ಟು ದುಡ್ಡು ಆಡಿತು. ಚಿಕ್ಕಪ್ಪನ ಮನೆಗೆ ಅಪ್ಪನೇ ಹೋದರು. ಎರಡು ತೋಟದ ನಡುವಿನ ತಗ್ಗಿನಲ್ಲಿ, ಅರ್ಧ ಅರ್ಧ ಖರ್ಚು ಹಾಕಿ ಒಂದು ಕೆರೆ ತೆಗೆಸಿದರು. ಜುಲೈನಲ್ಲಿ ಬೇಡ ಬೇಡ ಅಂದ್ರೂ ಸುರಿಯೋ ನೀರನ್ನ ಫೆಬ್ರವರಿಗೆ ಹಿಡಿದಿಡೋಕೆ. ಪೂರ್ತಿ ಸಾಲಲ್ಲ, ಬ್ಯಾಕಿಂಗ್ ಹೊತ್ತಿಗೆ ಮತ್ತೆ ಹಳ್ಳಕ್ಕೆ ಪೈಪ್ ಇಳಿಸಬೇಕಾಗುತ್ತೆ. ಆದ್ರೂ ಈ ಸಲ ಹೂ ಬಿಟ್ಟ ದಿನ ಅಪ್ಪ ಕಳಿಸಿದ ಫೋಟೋದಲ್ಲಿ ಬಿಳಿ ಗಿಡಗಳ ಮುಂದೆ ಚಿಕ್ಕಪ್ಪನೂ ನಿಂತಿದ್ದರು.