ಹಂಚಿನ ಮೇಲೆ ಪಿಜ್ಜಾ

ನಿಗಡಿಯ ನಮ್ಮ ಮನೆಯಲ್ಲಿ ಓವನ್ ಇಲ್ಲ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿದೆ. ತೆಳು ಪಿಜ್ಜಾಕ್ಕೆ ಅದೇ ಸಾಕು. ಆದರೆ ಹಂಚಿನ ಶಾಖ ಕೆಳಗಿನಿಂದ ಮಾತ್ರ. ಹಸಿ ಹಿಟ್ಟಿನ ಮೇಲೆ ಎಲ್ಲ ಹರಡಿ ಇಟ್ಟರೆ ಚೀಸ್ ಕರಗುವಷ್ಟರಲ್ಲಿ ತಳ ಸೀದಿರುತ್ತದೆ, ನಡುವೆ ಹಸಿಯೇ ಉಳಿದಿರುತ್ತದೆ. ಮೊದಲೆರಡು ಸಲ ನನಗೂ ಹೀಗೇ ಆಯಿತು.

ಈಗ ಹೀಗೆ ಮಾಡುತ್ತೇನೆ. 100 ಗ್ರಾಂ ಮೈದಾಕ್ಕೆ 60 ಗ್ರಾಂ ನೀರು, ಉಪ್ಪು, ಕಾಲು ಚಮಚ ಯೀಸ್ಟ್ ಹಾಕಿ ನಾದಿ, ಉಬ್ಬಿದ ಮೇಲೆ ಚಪಾತಿಗಿಂತ ತುಸು ದಪ್ಪಗೆ ಲಟ್ಟಿಸಿ ಫೋರ್ಕಿನಿಂದ ಚುಚ್ಚುತ್ತೇನೆ. ಕಾದ ಹಂಚಿನ ಮೇಲೆ ನಡು ಉರಿಯಲ್ಲಿ ಒಂದೂವರೆ ನಿಮಿಷ. ಕಂದು ಚುಕ್ಕೆ ಕಂಡೊಡನೆ ತಿರುವಿ ಉರಿ ಸಣ್ಣಗೆ. ಸಾಸು, ಚೀಸು ಬೆಂದ ಮಗ್ಗುಲಿಗೆ. ಸಾಸು ಗಟ್ಟಿಯಾಗಿರಲಿ, ಈರುಳ್ಳಿ ಮೊದಲೇ ಬಾಡಿಸಿರಲಿ. ಇಷ್ಟು ಹೊತ್ತಿನಲ್ಲಿ ಅದು ಬೇಯುವುದಿಲ್ಲ. ಮುಚ್ಚಿ ನಾಲ್ಕೈದು ನಿಮಿಷ. ಮುಚ್ಚಳದೊಳಗಿನ ಹನಿಯನ್ನು ನಡುವೆ ಒಮ್ಮೆ ಒರೆಸಬೇಕು, ಇಲ್ಲವಾದರೆ ಚೀಸಿನ ಮೇಲೆ ನೀರು ನಿಲ್ಲುತ್ತದೆ. ಕೊನೆಗೆ ಮುಚ್ಚಳ ತೆಗೆದು ಅರ್ಧ ನಿಮಿಷ ಉರಿ ಏರಿಸಿದರೆ ತಳ ಗರಿಗರಿ.

ಧಾರವಾಡದ ಅಕ್ಕನಿಗೆ ಓವನ್ ಇದೆ. ಅವಳು ಹಿಡಿಯಿಲ್ಲದ ಹಂಚನ್ನೇ ಬೋರಲು ಒಳಗಿಟ್ಟು 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪಿಜ್ಜಾವನ್ನು ಅದರ ಮೇಲೆ ಜಾರಿಸುತ್ತಾಳೆ. ಏಳೆಂಟು ನಿಮಿಷ, ತಿರುವುವ ಗೊಡವೆಯಿಲ್ಲ.